ಫೋನ್, ಪ್ಲೇಸ್ಟೇಷನ್, ಕಂಪ್ಯೂಟರ್: ಮೂವರೂ ಒಂದೇ ಮೈನ್‌ಕ್ರಾಫ್ಟ್ ವರ್ಲ್ಡ್‌ಗೆ ಸೇರುವ ಕ್ರಮ

"ಎಲ್ಲರೂ ಅಪ್‌ಡೇಟ್ ಮಾಡಿದ್ದೀವಿ, ನೆಟ್ ಚೆನ್ನಾಗಿದೆ, ಆದರೂ ಒಬ್ಬರಿಗೊಬ್ಬರು ಕಾಣ್ತಾನೇ ಇಲ್ಲ." ಈ ದೂರು ಮತ್ತೆ ಮತ್ತೆ ಬರುತ್ತದೆ. ಕೇಳಿದರೆ ಹೆಚ್ಚಿನವರು ಮೊದಲು ಕೈ ಹಾಕಿರುವುದು ರೂಟರ್‌ಗೆ. ಅದನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಯಾವುದೋ ವಿಡಿಯೊ ನೋಡಿ ಪೋರ್ಟ್ ತೆರೆಯುತ್ತಾರೆ, ಅರ್ಧ ರಾತ್ರಿ ಕಳೆಯುತ್ತಾರೆ. ಅಡಚಣೆ ಮಾತ್ರ ಬಹಳ ಸಲ ಖಾತೆಯಲ್ಲೋ ಗೇಮಿನ ಆವೃತ್ತಿಯಲ್ಲೋ ಇರುತ್ತದೆ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಎಡಿಷನ್, ಅಂದರೆ ಎರಡು ಬಗೆಯ ಮೈನ್‌ಕ್ರಾಫ್ಟ್‌ನಲ್ಲಿ ಯಾವುದು ಅನ್ನುವುದು, ಆಮೇಲೆ ಖಾತೆ, ಆಮೇಲೆ ಅನುಮತಿ, ಆಮೇಲೆ ಆವೃತ್ತಿ, ಅಂದರೆ ಅಪ್‌ಡೇಟ್‌ನ ಅಂಕಿ. ನೆಟ್‌ವರ್ಕ್ ಕೊನೆಗೆ.

ಉದಾಹರಣೆಗೆ ಒಂದು ಮನೆಯವರನ್ನೇ ಇಟ್ಟುಕೊಳ್ಳೋಣ. ಹಾಸನದಲ್ಲಿ ತಮ್ಮ, ಶಾಲೆಗೆ ಹೋಗುವ ಹುಡುಗ, ಆಂಡ್ರಾಯ್ಡ್ ಫೋನ್ ಇದೆ. ಬೆಂಗಳೂರಿನಲ್ಲಿ ಅಣ್ಣ, ವಿಂಡೋಸ್ ಲ್ಯಾಪ್‌ಟಾಪ್ ಇದೆ. ಮಂಗಳೂರಿನಲ್ಲಿ ಅತ್ತೆ ಮಗಳು, ಪಿಎಸ್5 ಇದೆ. ಮೂವರೂ ಶುಕ್ರವಾರ ರಾತ್ರಿ ಒಂದೇ ವರ್ಲ್ಡ್‌ನಲ್ಲಿ ಮನೆ ಕಟ್ಟಬೇಕು.

## ಶುರು ಮಾಡುವ ಮುಂಚೆ ಏನೇನು ಬೇಕು

ಮೂವರಿಗೂ ಅವರವರ ಸಾಧನದಲ್ಲಿ ದುಡ್ಡು ಕೊಟ್ಟು ಕೊಂಡ ಗೇಮ್ ಬೇಕು. ಅಣ್ಣ ಕಂಪ್ಯೂಟರ್‌ಗೆ ಕೊಂಡಿದ್ದಾನೆ ಅಂತ ತಮ್ಮನ ಫೋನಿಗೆ ಅದು ಪುಕ್ಕಟೆ ಬರುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುವ ಎಪಿಕೆ ಫೈಲ್ ಹಾಕಿಕೊಂಡಿದ್ದರೆ ಅದನ್ನು ಈಗಲೇ ತೆಗೆದುಹಾಕಿ. ಗೇಮ್ ತೆರೆದುಕೊಳ್ಳುತ್ತದೆ, ಒಬ್ಬರೇ ಆಡಬಹುದು, ಆದರೆ ಖಾತೆಗೆ ಲಾಗಿನ್ ಆಗುವ ಹಂತದಲ್ಲಿ ಕೈಕೊಡುತ್ತದೆ. ಅಲ್ಲದೆ ಅದರೊಳಗೆ ಇನ್ನೇನು ತುಂಬಿದ್ದಾರೋ ಯಾರಿಗೆ ಗೊತ್ತು.

ಮೂವರಿಗೂ ಒಂದೊಂದು ಮೈಕ್ರೋಸಾಫ್ಟ್ ಖಾತೆ ಬೇಕು. ಇದಕ್ಕೆ ದುಡ್ಡಿಲ್ಲ. ಕನ್ಸೋಲಿನವರಿಗೆ ಇದರ ಜೊತೆಗೆ ಆನ್‌ಲೈನ್ ಚಂದಾ ಬೇಕು. ಪ್ಲೇಸ್ಟೇಷನ್ ಆದರೆ PS Plus, ಅದರ ಅತಿ ಕಡಿಮೆ ದರದ್ದೇ ಸಾಕು. ಸ್ವಿಚ್ ಆದರೆ Nintendo Switch Online. ಎಕ್ಸ್‌ಬಾಕ್ಸ್ ಆದರೆ ಅದರ ಗೇಮ್ ಪಾಸ್. ಫೋನ್ ಮತ್ತು ಕಂಪ್ಯೂಟರ್‌ಗೆ ಇಂಥ ಚಂದಾ ಇಲ್ಲ. "ಫೋರ್ಟ್‌ನೈಟ್ PS Plus ಇಲ್ಲದೇ ಆಡ್ತೀನಲ್ಲ" ಅಂತ ಅತ್ತೆ ಮಗಳು ಕೇಳಬಹುದು. ಅದು ಪುಕ್ಕಟೆ ಗೇಮ್, ಅದಕ್ಕೆ ವಿನಾಯಿತಿ ಇದೆ. ಮೈನ್‌ಕ್ರಾಫ್ಟ್ ಕೊಂಡು ಆಡುವ ಗೇಮ್, ಹಾಗಾಗಿ ಇಲ್ಲ.

## ಹಂತ 1: ಸರಿಯಾದ ಎಡಿಷನ್ ತೆರೆದಿದ್ದೀರಾ ನೋಡಿ

ಮೈನ್‌ಕ್ರಾಫ್ಟ್ ಎರಡು ಇದೆ. ಒಂದು ಜಾವಾ, ಕಂಪ್ಯೂಟರ್‌ನಲ್ಲಿ ಮಾತ್ರ. ಇನ್ನೊಂದು ಬೆಡ್‌ರಾಕ್, ಫೋನ್, ಕನ್ಸೋಲ್, ವಿಂಡೋಸ್ ಎಲ್ಲದರಲ್ಲೂ ಇದೆ. ಈ ಎರಡರ ಮಧ್ಯೆ ನೇರವಾಗಿ ಸೇರಿ ಆಡಲು ಆಗುವುದಿಲ್ಲ. ಫೋನಿನಲ್ಲಿ, ಕನ್ಸೋಲಿನಲ್ಲಿ ಈ ಗೊಂದಲ ಇಲ್ಲ, ಅಲ್ಲಿರುವುದು ಬೆಡ್‌ರಾಕ್ ಒಂದೇ. ಸಿಕ್ಕಿಬೀಳುವುದು ಯಾವಾಗಲೂ ಕಂಪ್ಯೂಟರಿನವನು.

2022ರಿಂದ ಕಂಪ್ಯೂಟರ್‌ಗೆ ಎರಡನ್ನೂ ಜೋಡಿಯಾಗಿಯೇ ಮಾರುತ್ತಾರೆ. ಅಣ್ಣ ಲಾಂಚರ್ ತೆರೆದರೆ ಎಡಗಡೆ ಎರಡೂ ಹೆಸರು ಕಾಣುತ್ತವೆ. ಹಳೆಯ ಅಭ್ಯಾಸದಲ್ಲಿ ಮೊದಲಿನದನ್ನು ಒತ್ತಿದ ಅಂದರೆ ಕಥೆ ಮುಗಿಯಿತು, ಉಳಿದಿಬ್ಬರು ಅವನಿಗೆ ಕಾಣುವುದೇ ಇಲ್ಲ. ಗುರುತು ಹಿಡಿಯುವುದು ಸುಲಭ. ಮೊದಲ ಪರದೆಯಲ್ಲಿ Singleplayer, Multiplayer ಅಂತ ಬೇರೆ ಬೇರೆ ಬಟನ್ ಇದ್ದರೆ ಅದು ಜಾವಾ. ಬರೀ Play ಅಂತ ಒಂದು ಬಟನ್, ಅದರ ಜೊತೆ Marketplace ಇದ್ದರೆ ಬೆಡ್‌ರಾಕ್.

ಮ್ಯಾಕ್ ಇಟ್ಟುಕೊಂಡವರಿಗೆ ಬೇಸರದ ಸುದ್ದಿ: ಮ್ಯಾಕ್‌ಗೆ ಅಧಿಕೃತ ಬೆಡ್‌ರಾಕ್ ಇಲ್ಲ. ಅವರು ಫೋನಿನಿಂದಲೇ ಸೇರಿಕೊಳ್ಳುವುದು ಒಳ್ಳೆಯದು.

## ಹಂತ 2: ಪ್ರತಿಯೊಬ್ಬರೂ ತಮ್ಮದೇ ಖಾತೆಯಲ್ಲಿ ಲಾಗಿನ್ ಆಗಿ

ಫೋನಿನಲ್ಲಿ ಮೊದಲ ಪರದೆಯಲ್ಲೇ Sign In ಇರುತ್ತದೆ, ಒತ್ತಿ, ಖಾತೆ ಕೊಡಿ, ಆಯಿತು. ಕಂಪ್ಯೂಟರ್‌ನಲ್ಲಿ ಸ್ವಲ್ಪ ಗಮನ ಬೇಕು. ವಿಂಡೋಸ್‌ಗೆ ಒಂದು ಖಾತೆ, ಮೈಕ್ರೋಸಾಫ್ಟ್ ಸ್ಟೋರ್‌ಗೆ ಇನ್ನೊಂದು, ಗೇಮಿಗೆ ಮತ್ತೊಂದು ಹೀಗೆ ಇರಲು ಸಾಧ್ಯ. ಆಫೀಸಿನ ಲ್ಯಾಪ್‌ಟಾಪ್ ಆದರಂತೂ ಇದು ತೀರಾ ಸಾಮಾನ್ಯ. ಗೇಮಿನೊಳಗೆ ಹೋಗಿ, ನಿಮ್ಮ ಪಾತ್ರದ ಚಿತ್ರದ ಹತ್ತಿರ ಯಾರ ಹೆಸರು ಇದೆ ಅಂತ ಕಣ್ಣಾರೆ ನೋಡಿ.

ಹೆಚ್ಚು ಜನ ಎಡವುವುದು ಕನ್ಸೋಲಿನಲ್ಲಿ. ಪಿಎಸ್5ರಲ್ಲಿ ಗೇಮ್ ತೆರೆದ ಕೂಡಲೇ ಅದು ಪ್ಲೇಸ್ಟೇಷನ್ ಖಾತೆಯಲ್ಲೇ ಓಡುತ್ತದೆ, ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಸರಿ ಇಲ್ಲ. ಮೊದಲ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗುವ ಬಟನ್ ಬೇರೆ ಇದೆ. ಅದನ್ನು ಒತ್ತಿದರೆ ಒಂದು ವಿಳಾಸ ಮತ್ತು ಒಂದು ಕೋಡ್ ಬರುತ್ತದೆ. ವಿಳಾಸ ಇದು:

```
https://aka.ms/remoteconnect
```

ಇದನ್ನು ಫೋನಿನ ಬ್ರೌಸರ್‌ನಲ್ಲಿ ತೆರೆದು, ಟಿವಿಯಲ್ಲಿ ಕಾಣುವ ಕೋಡ್ ಹಾಕಬೇಕು. ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಬ್ರೌಸರ್‌ನಲ್ಲಿ ಈಗಾಗಲೇ ಯಾರ ಖಾತೆ ತೆರೆದಿದೆಯೋ ಅದೇ ಪ್ಲೇಸ್ಟೇಷನ್‌ಗೆ ಅಂಟಿಕೊಳ್ಳುತ್ತದೆ. ಅಮ್ಮನ ಫೋನ್ ತೆಗೆದುಕೊಂಡು ಕೋಡ್ ಹಾಕಿದರೆ ಅಮ್ಮನ ಖಾತೆ ಜೋಡಣೆಯಾಗುತ್ತದೆ, ಆಮೇಲೆ ಅದನ್ನು ಬಿಡಿಸಿ ಬೇರೆಯದನ್ನು ಜೋಡಿಸುವುದು ಸುಲಭದ ಕೆಲಸವಲ್ಲ. ಅದಕ್ಕೇ ಬ್ರೌಸರ್‌ನ ಖಾಸಗಿ ಕಿಟಕಿ, ಅಂದರೆ ಇನ್‌ಕಾಗ್ನಿಟೊ, ತೆರೆದು ಅಲ್ಲಿ ಹೊಸದಾಗಿ ಲಾಗಿನ್ ಆಗಿ ಕೋಡ್ ಹಾಕಿ. ಸ್ವಿಚ್‌ನಲ್ಲೂ ಇದೇ ವಿಧಾನ.

ಲಾಗಿನ್ ಆದ ಮೇಲೆ ಪ್ರತಿಯೊಬ್ಬರಿಗೂ ಒಂದು ಗೇಮರ್‌ಟ್ಯಾಗ್, ಅಂದರೆ ಆಟದಲ್ಲಿ ಕಾಣುವ ಹೆಸರು, ಇರುತ್ತದೆ. ಮೂರನ್ನೂ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಆಗಿ ಹಾಕಿಕೊಳ್ಳಿ. ಬಾಯಿಮಾತಲ್ಲಿ ಹೇಳಿದರೆ ಸೊನ್ನೆಯೋ ಓ ಅಕ್ಷರವೋ ಅನ್ನುವಲ್ಲೇ ಹತ್ತು ನಿಮಿಷ ಹೋಗುತ್ತದೆ.

## ಹಂತ 3: ಚಿಕ್ಕವರ ಖಾತೆಯಲ್ಲಿ ಅನುಮತಿ ಕೊಡಿ

ತಮ್ಮನ ಹುಟ್ಟಿದ ದಿನಾಂಕ ಸರಿಯಾಗಿ ಕೊಟ್ಟಿದ್ದರೆ ಅವನದು ಮಕ್ಕಳ ಖಾತೆ ಆಗಿರುತ್ತದೆ. ಅದರಲ್ಲಿ ಬೇರೆಯವರ ಜೊತೆ ಆಡುವುದು ಮುಚ್ಚಿರಬಹುದು. ಗುರುತು ಏನೆಂದರೆ, ಅವನಿಗೆ ಒಬ್ಬನೇ ಆಡಲು ಏನೂ ತೊಂದರೆ ಇಲ್ಲ, ಆದರೆ ವರ್ಲ್ಡ್ ಸೇರಲು ಹೋದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆ ಹೊಂದಿಸಿರುವ ರೀತಿಯಿಂದ ಆನ್‌ಲೈನ್ ಆಡಲು ಆಗದು ಎಂಬ ಅರ್ಥದ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಇದನ್ನು ಓದದೇ ಮುಚ್ಚಿ "ನೆಟ್ ಸರಿ ಇಲ್ಲ" ಅನ್ನುವವರೇ ಜಾಸ್ತಿ.

ಇದನ್ನು ಸರಿ ಮಾಡಬೇಕಾದವರು ಅಪ್ಪನೋ ಅಮ್ಮನೋ, ಅವರ ಮೈಕ್ರೋಸಾಫ್ಟ್ ಖಾತೆಯಿಂದ. ಬ್ರೌಸರ್‌ನಲ್ಲಿ ಈ ವಿಳಾಸ ತೆರೆದು ಮಗುವಿನ ಹೆಸರು ಆರಿಸಬೇಕು:

```
https://aka.ms/accountsettings
```

ಅಲ್ಲಿ ಆನ್‌ಲೈನ್ ಸುರಕ್ಷತೆಯ ಪಟ್ಟಿ ಸಿಗುತ್ತದೆ. ಹುಡುಕಬೇಕಾದ ಸಾಲು ಎರಡು. ಒಂದು, ಬೇರೆಯವರ ಜೊತೆ ಆಡಬಹುದೇ ಅನ್ನುವುದು. ಇನ್ನೊಂದು, ಎಕ್ಸ್‌ಬಾಕ್ಸ್ ಜಾಲದ ಹೊರಗಿನವರ ಜೊತೆ ಆಡಬಹುದೇ ಅನ್ನುವುದು, ಅದರಲ್ಲಿ cross-network play ಅಂತ ಪದ ಇರುತ್ತದೆ. ಮೊದಲನೆಯದನ್ನು ಮಾತ್ರ ತೆರೆದು ಎರಡನೆಯದನ್ನು ಮರೆತರೆ ವಿಚಿತ್ರ ಪರಿಸ್ಥಿತಿ ಬರುತ್ತದೆ: ತಮ್ಮನು ಅಣ್ಣನ ಜೊತೆ ಆಡಬಲ್ಲ, ಪ್ಲೇಸ್ಟೇಷನ್‌ನವಳು ಸೇರಿದ ಕಡೆ ಮಾತ್ರ ಅವನಿಗೆ ಪ್ರವೇಶ ಇಲ್ಲ. ಎರಡಕ್ಕೂ Allow ಕೊಟ್ಟು Submit ಒತ್ತಿ, ಆಮೇಲೆ ಗೇಮಿನಲ್ಲಿ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಇಲ್ಲದಿದ್ದರೆ ಹಳೆಯ ಅನುಮತಿಯೇ ಮುಂದುವರಿದು ಬದಲಾವಣೆ ಆಗಿಲ್ಲ ಅನ್ನಿಸುತ್ತದೆ.

ಮನೆಯವರಿಗೆ ಕಿರಿಕಿರಿ ಅಂತ ತಮ್ಮನ ವಯಸ್ಸನ್ನು ಸುಳ್ಳು ಹೇಳಿ ಹೊಸ ಖಾತೆ ಮಾಡಬೇಡಿ. ಹೊಸ ಖಾತೆಗೆ ಹಳೆಯ ಖಾತೆಯಲ್ಲಿ ಕೊಂಡ ಸ್ಕಿನ್ನುಗಳು ಬರುವುದಿಲ್ಲ, ಮತ್ತು ಅಪರಿಚಿತರು ಮಾತಾಡಿಸದಂತೆ ಇದ್ದ ತಡೆಗಳೂ ಹೋಗುತ್ತವೆ. ಪ್ಲೇಸ್ಟೇಷನ್ ಕಡೆಯೂ ಚಿಕ್ಕವರ ಖಾತೆ ಆಗಿದ್ದರೆ ಅದರದ್ದೇ ಪೋಷಕರ ನಿಯಂತ್ರಣ ಬೇರೆ ಇದೆ, ಅದನ್ನೂ ನೋಡಬೇಕು.

## ಹಂತ 4: ಆವೃತ್ತಿಯ ಅಂಕಿ ಹೋಲಿಸಿ

"ಅಪ್‌ಡೇಟ್ ಆಗಿದೆ" ಅನ್ನುವ ಮಾತನ್ನು ನಂಬಬೇಡಿ, ಅಂಕಿ ನೋಡಿ. ಮೊದಲ ಪರದೆಯ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಇರುತ್ತದೆ. ಮೂವರದ್ದೂ ಹೊಂದಬೇಕು.

ಹೊಸ ಅಪ್‌ಡೇಟ್ ಎಲ್ಲಾ ಅಂಗಡಿಗಳಿಗೂ ಒಂದೇ ಗಳಿಗೆಯಲ್ಲಿ ಬರುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕೆಲವರಿಗೆ ಮೊದಲು, ಕೆಲವರಿಗೆ ಆಮೇಲೆ. ಕನ್ಸೋಲ್ ಸ್ಲೀಪ್‌ನಲ್ಲಿದ್ದರೆ ಗೇಮ್ ಹಳೆಯದೇ ತೆರೆದಿರುತ್ತದೆ, ಪೂರ್ತಿ ಮುಚ್ಚಿ ತೆರೆಯುವ ತನಕ ಹೊಸದು ಹತ್ತುವುದಿಲ್ಲ. ಸಂದೇಶ ಓದಿದರೆ ತಪ್ಪು ಯಾರ ಕಡೆ ಅಂತ ತಿಳಿಯುತ್ತದೆ. Outdated client ಅಂತ ಬಂದರೆ ಸೇರಲು ಹೊರಟವರದ್ದು ಹಳೆಯದು. Outdated server ಅಂತ ಬಂದರೆ ವರ್ಲ್ಡ್ ತೆರೆದವರದ್ದು ಹಳೆಯದು. ಯಾರಾದರೂ ಬೀಟಾ ಅಥವಾ ಪ್ರಿವ್ಯೂ ಹಾಕಿಕೊಂಡಿದ್ದರೆ ಅವರು ಮಾಮೂಲಿ ಆವೃತ್ತಿಗೆ ವಾಪಸ್ ಬರಲೇಬೇಕು.

ದೊಡ್ಡ ಅಪ್‌ಡೇಟ್ ಬಂದ ದಿನವೇ ಆಟ ಇಟ್ಟುಕೊಳ್ಳಬೇಡಿ. ಒಂದೆರಡು ದಿನ ಬಿಟ್ಟರೆ ಎಲ್ಲರಿಗೂ ತಲುಪಿರುತ್ತದೆ.

## ಹಂತ 5: ಗೆಳೆಯರ ಪಟ್ಟಿಗೆ ಸೇರಿಸಿ, ಒಪ್ಪಿಸಿ

ಗೇಮಿನ ಗೆಳೆಯರ ಪರದೆಯಲ್ಲಿ Add Friend ಒತ್ತಿ ಗೇಮರ್‌ಟ್ಯಾಗ್ ಹುಡುಕಿ. ಕೆಲವು ಹೆಸರಿನ ಕೊನೆಗೆ # ಗುರುತು ಮತ್ತು ಅಂಕಿ ಇರುತ್ತದೆ, ಅದನ್ನೂ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಅದೇ ಹೆಸರಿನ ಇನ್ಯಾರಿಗೋ ಕೋರಿಕೆ ಹೋಗುತ್ತದೆ.

ಕೋರಿಕೆ ಕಳಿಸಿದರೆ ಸಾಲದು, ಆ ಕಡೆಯವರು ಒಪ್ಪಬೇಕು. ಮೂವರಿದ್ದರೆ ಮೂರು ಜೋಡಿ ಆಗುತ್ತದೆ. ಅತ್ತೆ ಮಗಳು ಅಣ್ಣನ ಪಟ್ಟಿಯಲ್ಲಿದ್ದು ತಮ್ಮನ ಪಟ್ಟಿಯಲ್ಲಿಲ್ಲ ಅಂದರೆ, ಅವಳು ವರ್ಲ್ಡ್ ತೆರೆದ ದಿನ ತಮ್ಮನಿಗೆ ಅದು ಕಾಣುವುದಿಲ್ಲ. ಮೊದಲ ದಿನವೇ ಎಲ್ಲಾ ಜೋಡಿ ಮುಗಿಸಿಬಿಡಿ. ಇಲ್ಲಿ ಗಮನಿಸಿ, ಪ್ಲೇಸ್ಟೇಷನ್‌ನ ಗೆಳೆಯರ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಫೋನಿನವನನ್ನು ಹುಡುಕಬೇಕಾದದ್ದು ಗೇಮಿನೊಳಗೆ.

## ಹಂತ 6: ಯಾರು ವರ್ಲ್ಡ್ ತೆರೆಯಬೇಕು?

ವರ್ಲ್ಡ್ ಇರುವುದು ತೆರೆದವರ ಸಾಧನದಲ್ಲಿ. ಅವರು ಹೊರಗೆ ಹೋದರೆ ಎಲ್ಲರೂ ಹೊರಗೆ. ಹಾಗಾಗಿ ಈ ಆಯ್ಕೆಯಲ್ಲಿ ಮುಲಾಜು ಬೇಡ.

ಫೋನಿನವನು ಬೇಡವೇ ಬೇಡ. ಒಂದು ಕರೆ ಬಂದರೆ ಗೇಮ್ ಹಿಂದಕ್ಕೆ ಸರಿಯುತ್ತದೆ, ಉಳಿದವರ ಆಟ ಕಡಿದುಹೋಗುತ್ತದೆ. ಬ್ಯಾಟರಿ ಬಿಸಿಯಾದರೆ ಫೋನೇ ನಿಧಾನವಾಗುತ್ತದೆ, ಆಗ ಎಲ್ಲರ ಆಟವೂ ತೆವಳುತ್ತದೆ. ಲ್ಯಾಪ್‌ಟಾಪ್ ಮತ್ತು ಕನ್ಸೋಲಿನ ನಡುವೆ, ಯಾರ ಮನೆಯಲ್ಲಿ ಫೈಬರ್ ಇದೆಯೋ, ಯಾರು ಕೇಬಲ್ಲಿನಿಂದ ರೂಟರ್‌ಗೆ ಜೋಡಿಸಬಲ್ಲರೋ ಅವರು ತೆರೆಯಲಿ. ನಮ್ಮ ಉದಾಹರಣೆಯಲ್ಲಿ ಅಣ್ಣ. ಅವನು ಚಾರ್ಜರ್ ಹಾಕಿಕೊಂಡೇ ಕೂರಬೇಕು.

ಅಣ್ಣ ವರ್ಲ್ಡ್‌ನ ಪಕ್ಕದ ಪೆನ್ಸಿಲ್ ಗುರುತು ಒತ್ತಿ Multiplayer ಭಾಗಕ್ಕೆ ಹೋಗಲಿ. ಅಲ್ಲಿ Multiplayer Game ಆನ್ ಇರಬೇಕು. ಅದರ ಕೆಳಗೆ ಯಾರು ಬರಬಹುದು ಅನ್ನುವ ಆಯ್ಕೆ ಇದೆ: ಆಹ್ವಾನ ಇದ್ದವರು, ಗೆಳೆಯರು, ಗೆಳೆಯರ ಗೆಳೆಯರು. ಗೆಳೆಯರು ಅನ್ನುವುದನ್ನೇ ಇಡಿ. ಮೂರನೆಯದನ್ನು ಇಟ್ಟರೆ ತಮ್ಮನ ಕ್ಲಾಸಿನ ಯಾರೋ ಹುಡುಗ ಬಂದು ಮನೆಗೆ ಬೆಂಕಿ ಇಟ್ಟು ಹೋಗುವ ಸಾಧ್ಯತೆ ಇದೆ.

ಅಲ್ಲೇ ಬಂದವರಿಗೆ ಎಷ್ಟು ಅಧಿಕಾರ ಅನ್ನುವುದೂ ಇದೆ. Visitor ಅಂತ ಇದ್ದರೆ ಬಂದವರು ನೋಡಬಹುದು ಅಷ್ಟೇ, ಒಂದು ಬ್ಲಾಕ್ ಕೂಡ ಒಡೆಯಲಾಗದು. "ಸೇರಿದೆ, ಆದರೆ ಏನು ಮಾಡಿದರೂ ಮಣ್ಣು ಅಗೆಯೋಕಾಗಲ್ಲ" ಅಂತ ಯಾರಾದರೂ ಹೇಳಿದರೆ ಕಾರಣ ಇದೇ. Member ಇಡಿ. Operator ಕೊಡುವ ಅಗತ್ಯ ಇಲ್ಲ.

ಇನ್ನೊಂದು, Simulation Distance ಅನ್ನು 4ಕ್ಕೆ ಇಳಿಸಿ. ಆಟಗಾರನ ಸುತ್ತ ಎಷ್ಟು ದೂರದವರೆಗೆ ಪ್ರಾಣಿ, ಬೆಳೆ, ನೀರು ಎಲ್ಲಾ ಓಡುತ್ತಿರಬೇಕು ಅನ್ನುವ ಲೆಕ್ಕ ಅದು. ಮೂವರು ಮೂರು ದಿಕ್ಕಿಗೆ ಹೋದರೆ ಅಣ್ಣನ ಲ್ಯಾಪ್‌ಟಾಪ್ ಮೂರೂ ಕಡೆಯದನ್ನು ಓಡಿಸಬೇಕಾಗುತ್ತದೆ, ಅದಕ್ಕೆ.

## ಹಂತ 7: ಒಬ್ಬೊಬ್ಬರಾಗಿ ಸೇರಿ

ಮೂವರೂ ಒಟ್ಟಿಗೆ ಒತ್ತಬೇಡಿ. ಅಣ್ಣ ವರ್ಲ್ಡ್ ತೆರೆದು ಒಳಗೆ ನಿಲ್ಲಲಿ. ಮೊದಲು ಫೋನಿನ ತಮ್ಮ ಸೇರಲಿ, ಯಾಕೆಂದರೆ ಅವನ ದಾರಿಯಲ್ಲಿ ಕನ್ಸೋಲಿನ ಚಂದಾ, ಖಾತೆ ಜೋಡಣೆ ಇವೆಲ್ಲ ಇಲ್ಲ. ಅವನು ಒಳಗೆ ಬಂದನೆಂದರೆ ಅಣ್ಣನ ಕಡೆ ಎಲ್ಲಾ ಸರಿ ಇದೆ ಅಂತ ಖಚಿತ. ಆಮೇಲೆ ಅತ್ತೆ ಮಗಳು ಬರಲಿ. ಅವಳಿಗೆ ಮಾತ್ರ ಆಗಲಿಲ್ಲ ಅಂದರೆ ಹುಡುಕಬೇಕಾದದ್ದು ಪಿಎಸ್5ರಲ್ಲಿ, ಬೆಂಗಳೂರಿನ ರೂಟರ್‌ನಲ್ಲಿ ಅಲ್ಲ. ಈ ಒಂದು ಕ್ರಮದಿಂದ ಅರ್ಧ ಜಗಳ ಕಡಿಮೆಯಾಗುತ್ತದೆ.

ತಾವೇ ಹುಡುಕಿ ಸೇರುವುದಕ್ಕಿಂತ ಆಹ್ವಾನ ಒಳ್ಳೆಯದು. ಅಣ್ಣ ವರ್ಲ್ಡ್‌ನಿಂದ ಹೊರಬರದೇ ಪಾಸ್ ಮೆನುವಿನಿಂದ ಹೆಸರು ಆರಿಸಿ ಆಹ್ವಾನ ಕಳಿಸಿದರೆ ಆ ಕಡೆ ಗೇಮಿನಲ್ಲಿ ಸೂಚನೆ ಬರುತ್ತದೆ. ಒಬ್ಬರ ಸಾಧನದಲ್ಲಿ ತೆರೆದ ವರ್ಲ್ಡ್‌ಗೆ ಒಟ್ಟು 8 ಜನ ಮಿತಿ.

ಮಾತಾಡುವುದು ಹೇಗೆ ಅಂತ ಕೇಳುತ್ತೀರಿ. ಬೆಡ್‌ರಾಕ್‌ನಲ್ಲಿ ಧ್ವನಿ ವ್ಯವಸ್ಥೆ ಇಲ್ಲ, ಬರೆದು ಮಾತಾಡಬೇಕು. ಪ್ಲೇಸ್ಟೇಷನ್‌ನ ಪಾರ್ಟಿ ಚಾಟ್‌ಗೆ ಆಂಡ್ರಾಯ್ಡ್ ಗೇಮಿನಿಂದ ಬರಲಾಗದು. ಡಿಸ್ಕಾರ್ಡ್ ಮೂರೂ ಕಡೆ ಓಡುತ್ತದೆ. ಅಷ್ಟು ತಲೆನೋವು ಬೇಡ ಅಂದರೆ ವಾಟ್ಸಾಪ್ ಗ್ರೂಪ್ ಕರೆಯೇ ಸಾಕು, ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಟಿವಿ ಸದ್ದು ಎಲ್ಲರ ಕಿವಿಗೂ ಬರುತ್ತದೆ.

## ಹಂತ 8: ಈಗ ನೆಟ್‌ವರ್ಕ್

ಹೆಸರು ಕಾಣುತ್ತದೆ, ವರ್ಲ್ಡ್ ಕಾಣುತ್ತದೆ, ಒತ್ತಿದರೆ ತುಂಬಾ ಹೊತ್ತು ಸುತ್ತಿ Unable to connect to world ಅನ್ನುತ್ತದೆ. ಇದು ನಿಜವಾದ ನೆಟ್‌ವರ್ಕ್ ತೊಂದರೆಯ ಲಕ್ಷಣ. ಖಾತೆಯ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಹಂತ 3ರ ಸಂದೇಶ ಬರುತ್ತಿತ್ತು.

ಮೊದಲು ವಿಪಿಎನ್ ಯಾರದ್ದಾದರೂ ಓಡುತ್ತಿದ್ದರೆ ಆಫ್ ಮಾಡಿ. ಆಮೇಲೆ ಅಣ್ಣನ ವಿಂಡೋಸ್ ಫೈರ್‌ವಾಲ್. ಗೇಮ್ ಮೊದಲ ಸಲ ತೆರೆದಾಗ ಅನುಮತಿ ಕೇಳುವ ಕಿಟಕಿ ಬಂದಿರುತ್ತದೆ, ಆತುರದಲ್ಲಿ Cancel ಒತ್ತಿರುತ್ತಾರೆ. Windows Security ಒಳಗೆ Allow an app through firewall ಅನ್ನುವಲ್ಲಿ ಮೈನ್‌ಕ್ರಾಫ್ಟ್‌ಗೆ Private, Public ಎರಡೂ ಟಿಕ್ ಹಾಕಿ.

ಆಗಲೂ ಆಗದಿದ್ದರೆ ಒಂದು ಪರೀಕ್ಷೆ ಮಾಡಿ. ಅದೇ ಲ್ಯಾಪ್‌ಟಾಪನ್ನು ಪಕ್ಕದ ಮನೆಯವರದ್ದೋ ಗೆಳೆಯನದ್ದೋ ಬೇರೆ ಬ್ರಾಡ್‌ಬ್ಯಾಂಡ್‌ಗೆ ಹಾಕಿ ವರ್ಲ್ಡ್ ತೆರೆಯಿರಿ. ಅಲ್ಲಿ ಆಯಿತು ಅಂದರೆ ತಪ್ಪು ನಿಮ್ಮ ಮನೆಯ ಸಂಪರ್ಕದ್ದು. ಆಗ ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ, ಗೇಮಿಗೆ ಬೇಕಾದ ಪೋರ್ಟನ್ನು ರೂಟರ್ ತಾನೇ ತೆರೆಯುವ UPnP ಆಯ್ಕೆ ಆನ್ ಮಾಡಿ, ರೂಟರ್ ಮರುಚಾಲೂ ಮಾಡಿ. ಇಡೀ ಕಂಪ್ಯೂಟರನ್ನು ಹೊರಗಿನ ಜಾಲಕ್ಕೆ ತೆರೆದಿಡುವ DMZ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ, ಯಾವ ವಿಡಿಯೊದಲ್ಲಿ ಹೇಳಿದರೂ ಸರಿ.

ಮೊಬೈಲ್ ಡೇಟಾದಲ್ಲಿ, ಅಂದರೆ ಹಾಟ್‌ಸ್ಪಾಟ್ ಹಾಕಿಕೊಂಡು, ವರ್ಲ್ಡ್ ತೆರೆದಿದ್ದರೆ ಒಂದು ವಿಷಯ ತಿಳಿದಿರಲಿ. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಹೊರಗಿನ ವಿಳಾಸದ ಹಿಂದೆ ಇಡುತ್ತವೆ. ಹೊರಗಿನಿಂದ ಬರುವವರಿಗೆ ನಿಮ್ಮ ಸಾಧನಕ್ಕೆ ನೇರ ದಾರಿ ಸಿಗುವುದು ಕಷ್ಟ. ಇದನ್ನು ನಿಮ್ಮ ಫೋನಿನಲ್ಲಿ ಸರಿ ಮಾಡಲು ಆಗದು, ವರ್ಲ್ಡ್ ತೆರೆಯುವವರನ್ನೇ ಬದಲಿಸಿ. ಕೆಲವು ಫೈಬರ್ ಸಂಪರ್ಕದಲ್ಲೂ ಇದೇ ವ್ಯವಸ್ಥೆ ಇರುತ್ತದೆ.

ಒಂದೇ ಮನೆಯಲ್ಲಿ ಕೂತು ಆಡುವವರಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ, ಅದೇ ವೈಫೈನಲ್ಲಿ ವರ್ಲ್ಡ್ ತಾನಾಗಿ ಕಾಣುತ್ತದೆ. ಪಿಜಿ, ಹಾಸ್ಟೆಲ್ ವೈಫೈಯಲ್ಲಿ ಮಾತ್ರ ಕಾಣದಿರಬಹುದು, ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆದಿರುತ್ತಾರೆ.

## ಅಣ್ಣ ಇಲ್ಲದ ದಿನವೂ ಆಡಬೇಕೆಂದರೆ

ಬಾಡಿಗೆ ಸರ್ವರ್ ಕೊಳ್ಳುವ ಮುಂಚೆ ಯೋಚಿಸಿ. ಫೋನ್ ಮತ್ತು ಕಂಪ್ಯೂಟರ್‌ನಲ್ಲಿ ಸರ್ವರ್ ವಿಳಾಸ ಬರೆದು ಸೇರಬಹುದು, ಕನ್ಸೋಲಿನಲ್ಲಿ ಹಾಗೆ ಬರೆಯುವ ಜಾಗವೇ ಇಲ್ಲ, ಅಲ್ಲಿ ಪಟ್ಟಿಯಲ್ಲಿರುವ ಆಯ್ದ ಸರ್ವರ್‌ಗಳು ಮಾತ್ರ. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದವರು ಬೇಕಾದಷ್ಟು ಜನ ಇದ್ದಾರೆ.

ಕನ್ಸೋಲಿನವರು ಗುಂಪಿನಲ್ಲಿದ್ದರೆ ಸರಿಯಾದ ದಾರಿ ರಿಯಲ್ಮ್ಸ್. ವರ್ಲ್ಡ್ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಇರುತ್ತದೆ, ಯಾರು ಇರಲಿ ಬಿಡಲಿ ತೆರೆದೇ ಇರುತ್ತದೆ. ತಿಂಗಳ ಚಂದಾ ಒಬ್ಬರು ಕಟ್ಟಿದರೆ ಸಾಕು, Realms Plus ಆದರೆ ಅವರ ಜೊತೆ ಒಂದೇ ಹೊತ್ತಿಗೆ 10 ಜನ ಆಡಬಹುದು. ಅತ್ತೆ ಮಗಳ PS Plus ಆಗಲೂ ಬೇಕು, ಅದು ತಪ್ಪುವುದಿಲ್ಲ. ಹಂತ 8ರ ತಲೆನೋವು ಬಹುಪಾಲು ಹೋಗುತ್ತದೆ, ಏಕೆಂದರೆ ಈಗ ಯಾರ ಮನೆಯ ರೂಟರ್ ಮೂಲಕವೂ ಹೊರಗಿನವರು ಒಳಗೆ ಬರಬೇಕಿಲ್ಲ.

ಅಣ್ಣನ ಲ್ಯಾಪ್‌ಟಾಪ್‌ನಲ್ಲಿರುವ ವರ್ಲ್ಡ್ ಅನ್ನು ಪಿಎಸ್5ಕ್ಕೆ ಸಾಗಿಸಲೂ ಇದೇ ದಾರಿ. ಕನ್ಸೋಲಿಗೆ ಪೆನ್‌ಡ್ರೈವ್‌ನಿಂದ ವರ್ಲ್ಡ್ ಫೈಲ್ ಹಾಕಲು ಆಗದು. ರಿಯಲ್ಮ್‌ಗೆ ಏರಿಸಿ, ಅದರ ಮಾಲೀಕರು ಅದೇ ಖಾತೆಯಿಂದ ಆ ಕಡೆಯ ಸಾಧನದಲ್ಲಿ ಲಾಗಿನ್ ಆಗಿ ಇಳಿಸಿಕೊಳ್ಳಬೇಕು. ಚಂದಾ ನಿಲ್ಲಿಸುವ ಯೋಚನೆ ಇದ್ದರೆ ಅವಧಿ ಮುಗಿಯುವ ಮುಂಚೆಯೇ ರಿಯಲ್ಮ್‌ನ ಸೆಟ್ಟಿಂಗ್ ತೆರೆದು Download World ಒತ್ತಿ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ.